ಮನೆ ಕ್ಯಾಮೆರಾದ ಮೋಷನ್ ಝೋನ್ ನಂಬಿ ಹಿರಿಯರನ್ನು ಒಬ್ಬರನ್ನೇ ಬಿಟ್ಟುಹೋಗುವ ಮುನ್ನ

ಕೊರಿಯಾದಲ್ಲಿ ಮನೆ ಮಾಡಿಕೊಂಡು ಊರಿನಿಂದ ಅಪ್ಪ ಅಮ್ಮನನ್ನು ಕರೆಸಿಕೊಳ್ಳುವವರು ದಯವಿಟ್ಟು ಇದನ್ನು ಓದಿ. ಸುವೋನ್‌ನ ನಮ್ಮ ಮನೆಯಲ್ಲಿ ಅಮ್ಮ ಅಡುಗೆಮನೆ ಬಾಗಿಲ ಹತ್ತಿರ ಜಾರಿಬಿದ್ದರು. ಕ್ಯಾಮೆರಾ ಆನ್ ಇತ್ತು, ವೈಫೈ ಸರಿಯಾಗಿತ್ತು, ಕ್ಲೌಡ್‌ಗೆ ತಿಂಗಳು ತಿಂಗಳು ದುಡ್ಡೂ ಕಟ್ಟುತ್ತಿದ್ದೆವು. ಆದರೂ ಒಂದು ಅಲರ್ಟೂ ಬರಲಿಲ್ಲ. ಅವರೇ ತೆವಳಿಕೊಂಡು ಬಂದು ಫೋನ್ ಮಾಡಿದ ಮೇಲೆ ನಮಗೆ ಗೊತ್ತಾಗಿದ್ದು. ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತ್ತು.

ಬಾಲ್ಕನಿ ಗಾಜಿನಿಂದ ಬೀಳುವ ಬಿಸಿಲು, ಅಲ್ಲಾಡುವ ಪರದೆ, ಇವಕ್ಕೆಲ್ಲ ಅಲರ್ಟ್ ಬರುತ್ತಿದ್ದುದರಿಂದ ಆ ಭಾಗ ಬಿಟ್ಟು ಅಡುಗೆಮನೆ ಬಾಗಿಲಿಗೆ ಮಾತ್ರ ಝೋನ್ ಹಾಕಿದ್ದೆವು, ಅಂದರೆ ಚಿತ್ರದಲ್ಲಿ ಚೌಕ ಎಳೆದು ಅದರೊಳಗೆ ಚಲನೆ ಕಂಡರೆ ಮಾತ್ರ ಅಲರ್ಟ್ ಬರುವಂತೆ ಮಾಡಿದ್ದೆವು. ಆ್ಯಪ್‌ನಲ್ಲಿ ಈ ಝೋನ್ "감지 영역" ಅಂತ ಇರುತ್ತದೆ. ಅವತ್ತು ಬೆಳಗ್ಗೆ ಹೆಂಡತಿ ಆಫೀಸಿನಿಂದಲೇ ಕ್ಯಾಮೆರಾವನ್ನು ಸೋಫಾ ಕಡೆ ತಿರುಗಿಸಿ, ಅಮ್ಮ ತಿಂಡಿ ತಿಂದರಾ ಅಂತ ನೋಡಿದ್ದಳು. ಕ್ಯಾಮೆರಾ ಹಾಗೇ ಉಳಿಯಿತು. ಝೋನ್ ಅಂಟಿಕೊಂಡಿರುವುದು ಕ್ಯಾಮೆರಾ ತೋರಿಸುವ ಚಿತ್ರಕ್ಕೆ, ಮನೆಯ ಜಾಗಕ್ಕಲ್ಲ. ಹಾಗಾಗಿ ನಾವು ಬಾಗಿಲಿಗೆ ಹಾಕಿದ ಚೌಕ ಬರೀ ಗೋಡೆಯ ಮೇಲೆ ಕೂತಿತ್ತು, ಬಾಗಿಲು ಚಿತ್ರದ ಅಂಚಿಗೆ ಸರಿದಿತ್ತು. ಆ್ಯಪ್ ಇದನ್ನು ಎಲ್ಲೂ ಹೇಳುವುದಿಲ್ಲ. ತಿರುಗಿಸಿದಾಗ ಒಂದು ಸೂಚನೆ ಕೊಟ್ಟಿದ್ದರೂ ಸಾಕಿತ್ತು ಅನ್ನುವ ಸಿಟ್ಟು ನನಗಿನ್ನೂ ಇಳಿದಿಲ್ಲ.

ಕ್ಲೌಡ್ ತೆರೆದರೆ ಅದೂ ಖಾಲಿ. ನಮ್ಮ ಪ್ಲಾನ್‌ನಲ್ಲಿ ಝೋನ್ ಒಳಗೆ ಚಲನೆ ಸಿಕ್ಕಾಗ ಮಾತ್ರ ಕ್ಲಿಪ್ ಕ್ಲೌಡ್‌ಗೆ ಹೋಗುತ್ತದೆ. ಅಲರ್ಟ್ ಇಲ್ಲ ಅಂದರೆ ಕ್ಲಿಪ್ಪೂ ಇಲ್ಲ.

ಸೆನ್ಸಿಟಿವಿಟಿ, ಅಂದರೆ "민감도", ಏರಿಸಿದರೆ ಸರಿಹೋಗುತ್ತದೆ ಅಂತ ಕೆಲವರು ಹೇಳಿದರು. ಝೋನ್ ಹೊರಗಿನ ಚಲನೆಗೆ ಅದರಿಂದ ಏನೂ ಆಗುವುದಿಲ್ಲ. ನಮ್ಮದರಂಥ ಕ್ಯಾಮೆರಾ ಒಂದು ಚಿತ್ರಕ್ಕೂ ಮುಂದಿನದಕ್ಕೂ ಎಷ್ಟು ಭಾಗ ಬದಲಾಯಿತು ಅಂತಷ್ಟೇ ನೋಡುತ್ತದೆ. ದೂರದಲ್ಲಿರುವವರು ಚಿಕ್ಕದಾಗಿ ಕಾಣುತ್ತಾರೆ, ಕಡಿಮೆ ಮಟ್ಟದಲ್ಲಿಟ್ಟರೆ ಅವರು ತಪ್ಪಿಹೋಗುತ್ತಾರೆ. ಹೆಚ್ಚಿಗೆ ಇಟ್ಟರೆ ಬಿಸಿಲು ಬದಲಾದರೂ ಅಲರ್ಟ್. ಬಿದ್ದು ಅಲುಗಾಡದೆ ಮಲಗಿದವರಂತೂ ಯಾವ ಮಟ್ಟದಲ್ಲಿಟ್ಟರೂ ಇದಕ್ಕೆ ಕಾಣುವುದಿಲ್ಲ.

ಝೋನ್ ಹಾಕಿದ ಮೇಲೆ ಒಬ್ಬರು ಅದರ ನಾಲ್ಕೂ ಅಂಚಿನಲ್ಲಿ ನಿಧಾನವಾಗಿ ನಡೆಯಲಿ, ಒಮ್ಮೆ ನೆಲದ ಮೇಲೆ ತೆವಳಲಿ. ಇನ್ನೊಬ್ಬರು ಫೋನ್ ಹಿಡಿದು ಅಲರ್ಟ್ ಬರುತ್ತದಾ ನೋಡಿ, ಕ್ಲಿಪ್ ತೆರೆದು ಆರಂಭದ ಕ್ಷಣಗಳೂ ಇವೆಯಾ ಅಂತ ನೋಡಲಿ. ದೀಪ ಆರಿಸಿ ಇದನ್ನೇ ಮತ್ತೆ ಮಾಡಿ, ಕತ್ತಲಲ್ಲಿ ಚಿತ್ರವೇ ಬೇರೆ. ಕ್ಯಾಮೆರಾ ತಿರುಗಿಸಿದವರು ಮತ್ತೆ ಮೊದಲಿನ ಜಾಗಕ್ಕೇ ತಂದು, ಝೋನ್ ಚೌಕ ತೆರೆದು ನೋಡಿಕೊಳ್ಳಬೇಕು. ನಾವೀಗ ಒಳಗೆ ಮೆಮೊರಿ ಕಾರ್ಡ್ ಹಾಕಿ, ಅಲರ್ಟ್ ಬರಲಿ ಬಿಡಲಿ, ಸತತ ರೆಕಾರ್ಡಿಂಗ್ ಇಟ್ಟಿದ್ದೇವೆ. ಅಮ್ಮನ ಕೊರಳಿಗೆ ದಾರ ಕಟ್ಟಿ ಫೋನ್ ಹಾಕಿದ್ದೇವೆ, ಮಧ್ಯಾಹ್ನ ಊಟದ ಹೊತ್ತಿಗೆ ನಾನೇ ಕರೆ ಮಾಡುತ್ತೇನೆ.