ಗ್ರಾಮರ್ಲಿಯೋ ಲ್ಯಾಂಗ್ವೇಜ್‌ಟೂಲೋ? ಇಂಗ್ಲಿಷ್ ಕಲಿಯುವವರ ಆಯ್ಕೆ

ಗ್ರಾಮರ್ಲಿ, ಲ್ಯಾಂಗ್ವೇಜ್‌ಟೂಲ್ ಎರಡೂ ನಾವು ಬರೆದ ಇಂಗ್ಲಿಷಿನ ತಪ್ಪುಗಳಿಗೆ ಗೆರೆ ಎಳೆದು ತೋರಿಸುವ ತಂತ್ರಾಂಶಗಳು. ತುರ್ತಾಗಿ ಮೇಲ್ ಕಳಿಸಬೇಕೆಂದರೆ ಗ್ರಾಮರ್ಲಿ ಅನುಕೂಲ. ವ್ಯಾಕರಣದ ಜೊತೆಗೆ ಶೈಲಿ, ಧಾಟಿಯ ಸಲಹೆಯನ್ನೂ ಕೊಡುತ್ತದೆ. ಕಲಿಯುವವರಿಗೆ ತೊಡಕಾಗುವುದೂ ಅದೇ: ಒಂದು ಕ್ಲಿಕ್ಕಿಗೆ ವಾಕ್ಯ ನೆಟ್ಟಗಾಗುತ್ತದೆ, ತಪ್ಪು ಯಾಕಾಯಿತೆಂದು ಯೋಚಿಸುವ ಮೊದಲೇ ಗೆರೆ ಮಾಯ.

ಲ್ಯಾಂಗ್ವೇಜ್‌ಟೂಲ್‌ನಲ್ಲೂ ಕ್ಲಿಕ್ ಇದೆ. ಆದರೆ ಅದರ ಮೂಲ ತಂತ್ರಾಂಶ ಮುಕ್ತ. ಇಂಟರ್ನೆಟ್ ಇಲ್ಲದೆ ನಮ್ಮ ಕಂಪ್ಯೂಟರಿನಲ್ಲೇ ಓಡಿಸಬಹುದು. ಬೇಡದ ನಿಯಮಗಳನ್ನು ಒಂದೊಂದಾಗಿ ಆಫ್ ಮಾಡಿ, ಈ ವಾರ ಕಾಲರೂಪಗಳನ್ನಷ್ಟೇ ನೋಡುತ್ತೇನೆ ಎಂದುಕೊಳ್ಳಬಹುದು. ಕಲಿಕೆಗೆ ನಾನು ಇದನ್ನೇ ಹೇಳುತ್ತೇನೆ.

ಯಾವುದನ್ನೇ ಆರಿಸಿದರೂ ನೋಟ್‌ಪ್ಯಾಡಿನಲ್ಲಿ ಪೂರ್ತಿ ಬರೆದು, ಆಮೇಲೆ ಅಂಟಿಸಿ. ‘ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ 2019’ ಎಂದು ಬರೆದಿದ್ದೀರಿ ಎನ್ನಿ. ಗೆರೆ ಕಂಡರೆ ಸಲಹೆ ತೆರೆಯದೆ ಮೊದಲು ನೀವೇ ತಿದ್ದಿ. ‘2019ರಿಂದ ಕೆಲಸ ಮಾಡುತ್ತಿದ್ದೇನೆ’ ಎಂಬ ಕನ್ನಡದ ವರ್ತಮಾನವೇ ಇಂಗ್ಲಿಷಿಗೆ ನುಸುಳಿದೆ. ಅಲ್ಲಿ ‘ಹ್ಯಾವ್ ಬೀನ್ ವರ್ಕಿಂಗ್’ ಬೇಕು. ಕಾರಣವನ್ನು ಪುಸ್ತಕದಲ್ಲಿ ಬರೆದುಕೊಂಡು, ‘ಫಾರ್ ತ್ರೀ ಇಯರ್ಸ್’ ಇಟ್ಟು ಇನ್ನೆರಡು ವಾಕ್ಯ ಮಾಡಿ. ಮುಂದಿನ ಬರಹದಲ್ಲಿ ಅದೇ ಗೆರೆ ಬೀಳದಿದ್ದರೆ ಪಾಠ ಹತ್ತಿದೆ.

ಎರಡಕ್ಕೂ ಒಂದು ಮಿತಿ ಇದೆ. ‘ಎ ಮ್ಯಾನೇಜರ್’, ‘ದ ಮ್ಯಾನೇಜರ್’ ಎರಡೂ ವ್ಯಾಕರಣಕ್ಕೆ ಸರಿ. ಓದುವವರಿಗೆ ಆ ಮ್ಯಾನೇಜರ್ ಯಾರೆಂದು ಮೊದಲೇ ಗೊತ್ತೇ ಎಂಬುದು ತಂತ್ರಾಂಶಕ್ಕೆ ತಿಳಿಯದಿರಬಹುದು. ಆರ್ಟಿಕಲ್ಲುಗಳ ವಿಷಯದಲ್ಲಿ ಗೆರೆ ಇಲ್ಲವೆಂದು ನಂಬದೆ, ಇಂಗ್ಲಿಷ್ ಚೆನ್ನಾಗಿ ಬಲ್ಲ ಒಬ್ಬರಿಗೆ ತೋರಿಸಿ.