ಶಾಖೆಗೊಂದು ಆ್ಯಡ್ಸ್ ಖಾತೆಯೋ, ಎಲ್ಲಕ್ಕೂ ಒಂದೇ ಖಾತೆಯೋ?

ಮಾಟುಂಗಾ, ಡೊಂಬಿವಲಿ, ಪುಣೆಯ ಕೊಥ್ರೂಡ್, ಪಣಜಿ ಹೀಗೆ ನಾಲ್ಕು ಕಡೆ ಉಡುಪಿ ಹೋಟೆಲ್ ಇದೆ, ಮಾಲೀಕರು ಒಬ್ಬರೇ ಅಂದುಕೊಳ್ಳಿ. ಗೂಗಲ್ ಆ್ಯಡ್ಸ್‌ನಲ್ಲಿ ಒಂದೇ ಖಾತೆ ತೆರೆದು ಶಾಖೆಗೊಂದು ಕ್ಯಾಂಪೇನ್ ಮಾಡಬಹುದು. ಇಲ್ಲವೇ ಶಾಖೆಗೊಂದು ಖಾತೆ ತೆರೆದು ಎಲ್ಲವನ್ನೂ ಒಂದೇ ಕಡೆಯಿಂದ ನೋಡಿಕೊಳ್ಳುವ ಮ್ಯಾನೇಜರ್ ಖಾತೆಯಡಿ ತರಬಹುದು.

ಬಜೆಟ್ ಬೇರೆ ಇಡುವುದಕ್ಕೆ ಮಾತ್ರ ಬೇರೆ ಖಾತೆ ಬೇಕಿಲ್ಲ. ಮಾಟುಂಗಾ ಕ್ಯಾಂಪೇನ್‌ಗೆ ದಿನಕ್ಕೆ ₹500 ಇಟ್ಟರೆ ಒಂದು ದಿನ ₹1,000 ಖರ್ಚಾದೀತು, ಆದರೆ ತಿಂಗಳಿಗೆ 30.4 ಪಟ್ಟು, ಅಂದರೆ ₹15,200 ದಾಟದು. ಹಲವು ಕ್ಯಾಂಪೇನ್‌ಗೆ ಒಂದೇ ಮೊತ್ತ ಇಡುವ ಶೇರ್ಡ್ ಬಜೆಟ್ ಮಾತ್ರ ಬೇಡ. ಹುಡುಕಾಟ ಹೆಚ್ಚಿರುವ ಶಾಖೆಯೇ ಹಣವೆಲ್ಲ ನುಂಗುತ್ತದೆ.

ಒಂದೇ ಖಾತೆಯಲ್ಲಿ ಎಡವುವುದು ಜಾಹೀರಾತಿನಡಿ ವಿಳಾಸ ತೋರಿಸುವ ಲೊಕೇಶನ್ ಅಸೆಟ್‌ನಲ್ಲಿ. ಬಿಸಿನೆಸ್ ಪ್ರೊಫೈಲ್ ಜೋಡಿಸಿ ಖಾತೆಯ ಮಟ್ಟದಲ್ಲೇ ಬಿಟ್ಟರೆ ಡೊಂಬಿವಲಿಯ ಜಾಹೀರಾತಿನಡಿ ಮಾಟುಂಗಾದ ವಿಳಾಸ ಬರಬಹುದು: ದುಡ್ಡು ಇವರದು, ಗಿರಾಕಿ ಅವರಿಗೆ. ಪ್ರತಿ ಶಾಖೆಗೂ ಲೊಕೇಶನ್ ಗ್ರೂಪ್ ಮಾಡಿ ಆಯಾ ಕ್ಯಾಂಪೇನ್‌ಗೇ ಹಚ್ಚಿ.

ಬೇರೆ ಖಾತೆಗಳಲ್ಲಿ ಈ ಗೋಜಲು ಕಡಿಮೆ. ಆದರೆ ಕನ್ವರ್ಶನ್, ಅಂದರೆ ಜಾಹೀರಾತು ನೋಡಿ ಕರೆ, ಬುಕಿಂಗ್ ಮಾಡಿದವರ ಲೆಕ್ಕ ನಾಲ್ಕಾಗಿ ಹಂಚಿಹೋಗಿ, ಬಿಡ್ ಮೊತ್ತವನ್ನು ತಾನೇ ನಿರ್ಧರಿಸುವ ಸ್ಮಾರ್ಟ್ ಬಿಡ್ಡಿಂಗ್‌ಗೆ ಕಲಿಯಲು ಸಾಮಗ್ರಿ ಸಾಲುವುದಿಲ್ಲ. ಹಾಗಾದರೆ ಮ್ಯಾನೇಜರ್ ಖಾತೆಯಲ್ಲೇ ಕನ್ವರ್ಶನ್ ಟ್ರ್ಯಾಕಿಂಗ್ ಇಟ್ಟು ಹಂಚಿಕೊಳ್ಳಿ.

ವರದಿ ಎರಡರಲ್ಲೂ ಒಂದೇ ಕಡೆ ಸಿಗುತ್ತದೆ. `MTG_Search`, `DMB_Search` ಎಂದು ಹೆಸರಿನ ಶಿಸ್ತು ಇದ್ದರೆ ಸಾಕು.

ನಮ್ಮ ಮತ: ಮಹಾರಾಷ್ಟ್ರದ ಮೂರಕ್ಕೆ ಒಂದೇ ಖಾತೆ. ಗೋವಾ ಬೇರೆ ರಾಜ್ಯ, ಅಲ್ಲಿಯ ಜಿಎಸ್‌ಟಿ ಸಂಖ್ಯೆಯೂ ಬೇರೆ. ಬಿಲ್ ಆ ಸಂಖ್ಯೆಗೇ ಬರಬೇಕಿದ್ದರೆ ಪಣಜಿಗೆ ಪ್ರತ್ಯೇಕ ಪೇಮೆಂಟ್ಸ್ ಪ್ರೊಫೈಲ್, ಪ್ರತ್ಯೇಕ ಖಾತೆ.