ಎರಡು ವರ್ಷದ ಟಿವಿ, ಮದುವೆ ವಿಡಿಯೋ ಆಗಿಬಿಟ್ಟ ಸಿನಿಮಾ

ಎರಡು ವರ್ಷದ ಹಿಂದೆ ದಸರಾ ಸೇಲ್‌ನಲ್ಲಿ ಈ 55 ಇಂಚಿನ ಟಿವಿ ತಂದೆವು. 120 ಹರ್ಟ್ಜ್ ಪ್ಯಾನೆಲ್, ಹನ್ನೆರಡು ಕಂತು. ಬಣ್ಣ, ಸೌಂಡ್, ರಿಮೋಟ್ ಬಗ್ಗೆ ಬೇರೆಯವರು ಸಾಕಷ್ಟು ಬರೆದಿದ್ದಾರೆ, ನಾನು ಆ ಕಡೆ ಹೋಗಲ್ಲ. ಕಂಪನಿ ಹೆಸರೂ ಹೇಳಲ್ಲ. ಯಾಕಂದರೆ ನನ್ನ ತಲೆ ತಿಂದ ಈ ಚಾಳಿ ಹೆಚ್ಚುಕಮ್ಮಿ ಎಲ್ಲಾ ಕಂಪನಿಯ ಟಿವಿಗಳಲ್ಲೂ ಇದೆ.

ನಮ್ಮ ಮನೆಯಲ್ಲಿ ಶನಿವಾರ ರಾತ್ರಿ ಊಟ ಆದಮೇಲೆ ಒಂದು ಸಿನಿಮಾ. ಮಂಡಕ್ಕಿಗೆ ಈರುಳ್ಳಿ, ಕ್ಯಾರೆಟ್ ತುರಿ, ಖಾರದ ಪುಡಿ, ಎರಡು ಚಮಚ ಕೊಬ್ಬರಿ ಎಣ್ಣೆ ಹಾಕಿ ಕಲಸುವುದು ನನ್ನ ಕೆಲಸ. ಎಲ್ಲರ ಫೋನ್ ಇಸಿದುಕೊಂಡು ಅಡುಗೆಮನೆ ಶೆಲ್ಫ್ ಮೇಲಿಟ್ಟು ಲೈಟ್ ಆರಿಸುವುದು ಮಗಳ ಕೆಲಸ. ಹೊಸ ಟಿವಿಯ ಮೊದಲ ಶನಿವಾರ ಹತ್ತು ನಿಮಿಷ ಆಗಿರಲಿಲ್ಲ, ಹೆಂಡತಿ ಕೇಳಿದಳು: "ಇದೇನ್ರೀ, ನಮ್ಮ ಮದುವೆ ವಿಡಿಯೋ ನೋಡಿದ ಹಾಗಿದೆ?"

ನಿಜವಾಗಲೂ ಹಾಗೇ ಇತ್ತು. ಚಿತ್ರ ಸ್ಪಷ್ಟ, ಬಣ್ಣ ಚೆನ್ನಾಗಿದೆ, ಆದರೆ ಹೀರೋ ನಡೆದರೆ ಸೆಟ್‌ನಲ್ಲಿ ಯಾರೋ ಮೇಕಪ್ ಹಾಕಿಕೊಂಡು ಓಡಾಡಿದ ಹಾಗೆ. ಮೊದಲು ಆ್ಯಪ್ ಸರಿ ಇಲ್ಲ ಅಂದುಕೊಂಡೆ, ಆಮೇಲೆ ಇಂಟರ್ನೆಟ್ ಸರಿ ಇಲ್ಲ ಅಂದುಕೊಂಡೆ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ, "ಸರ್, ಅದು ಫೀಚರ್" ಅಂದರು.

ಅವರು ಹೇಳಿದ್ದು ಸುಳ್ಳಲ್ಲ, ಫೀಚರ್ರೇ. ಹೆಸರು ಮೋಷನ್ ಸ್ಮೂತಿಂಗ್. ಸಿನಿಮಾ ಅಂದರೆ ಸೆಕೆಂಡಿಗೆ 24 ಚಿತ್ರ. ಮೂಕಿ ಹೋಗಿ ಟಾಕಿ ಬಂದಾಗ ನಿಂತ ಲೆಕ್ಕ ಅದು, ಇವತ್ತಿಗೂ ಬದಲಾಗಿಲ್ಲ. ನನ್ನ ಟಿವಿ ಪರದೆ ಸೆಕೆಂಡಿಗೆ 120 ಸಲ ಹೊಸದಾಗುತ್ತದೆ. ಒಂದೊಂದು ಚಿತ್ರವನ್ನೂ ಐದೈದು ಸಲ ತೋರಿಸಿದರೆ ಲೆಕ್ಕ ಸರಿಹೋಗುತ್ತದೆ, ಸಿನಿಮಾ ಸಿನಿಮಾ ಥರಾನೇ ಕಾಣುತ್ತದೆ. ಟಿವಿ ಅಷ್ಟಕ್ಕೆ ಸುಮ್ನಿರಲ್ಲ. ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವೆ ಏನು ಆಗಿರಬಹುದು ಅಂತ ಊಹಿಸಿ ನಾಲ್ಕು ಚಿತ್ರ ತಾನೇ ಬರೆದು ಸೇರಿಸುತ್ತದೆ. ಪೂರ್ತಿ ಜೋರಾಗಿ ಇಟ್ಟರೆ ಸೆಕೆಂಡಿಗೆ 24 ಕ್ಯಾಮೆರಾ ತೆಗೆದದ್ದು, 96 ಟಿವಿ ಕಟ್ಟಿದ್ದು.

ಮತ್ತೆ ಮದುವೆ ವಿಡಿಯೋ ಯಾಕೆ ನೆನಪಾಯಿತು? ಹಳೇ ವಿಡಿಯೋ ಕ್ಯಾಮೆರಾಗಳು ನಮ್ಮ ದೇಶದಲ್ಲಿ ಸೆಕೆಂಡಿಗೆ 50 ಸಲ, ಒಂದು ಸಾಲು ಬಿಟ್ಟು ಒಂದು ಸಾಲಿನಂತೆ, ಅರ್ಧರ್ಧ ಚಿತ್ರ ಹಿಡಿಯುತ್ತಿದ್ದವು. ದೂರದರ್ಶನದ ಸ್ಟುಡಿಯೋ ನಾಟಕ, ವಾರ್ತೆ, ಛತ್ರದ ಊಟದ ಪಂಕ್ತಿ ಎಲ್ಲಾ ಹಾಗೇ ತೆಗೆದದ್ದು. ಅದಕ್ಕೇ ಅವುಗಳ ಚಲನೆ ನುಣ್ಣಗೆ. ಥಿಯೇಟರ್‌ನಲ್ಲಿ ನೋಡಿದ್ದು 24. ನಮ್ಮ ಕಣ್ಣು ಈ ಎರಡನ್ನೂ ಬೇರೆ ಬೇರೆ ಗೂಡಿನಲ್ಲಿ ಇಟ್ಟುಕೊಂಡಿದೆ. 24ರ ಸಿನಿಮಾಗೆ ನುಣುಪು ಬಳಿದ ಕೂಡಲೇ ಅದು ವಿಡಿಯೋ ಗೂಡಿಗೆ ಹೋಗಿ ಬೀಳುತ್ತದೆ. ಅಮೆರಿಕದವರು ಇದಕ್ಕೆ ಸೋಪ್ ಒಪೆರಾ ಎಫೆಕ್ಟ್ ಅನ್ನುತ್ತಾರೆ. 2018ರಲ್ಲಿ ನಟ ಟಾಮ್ ಕ್ರೂಸ್ ಇದನ್ನು ಆಫ್ ಮಾಡಿ ಅಂತ ಒಂದು ವಿಡಿಯೋನೇ ಮಾಡಿದ್ದರು.

ಇದೇ ಚಾಳಿ ಅಂತ ಖಾತ್ರಿ ಮಾಡಿಕೊಳ್ಳುವುದು ಸುಲಭ. ನಾನು ಕಂಡುಹಿಡಿದದ್ದು ಒಂದು ಅಡಿಕೆ ತೋಟದ ದೃಶ್ಯದಲ್ಲಿ. ಹುಡುಗಿ ಎಡದಿಂದ ಬಲಕ್ಕೆ ನಡೆಯುತ್ತಾಳೆ, ಹಿಂದೆ ಸಾಲಾಗಿ ಮರಗಳು. ಅವಳ ತಲೆಯ ಸುತ್ತ ನೀರು ಅಲುಗಿದ ಹಾಗೆ ಒಂದು ಅಂಚು, ಅದರ ಪಕ್ಕದ ಮರ ಬಾಗಿ ಮತ್ತೆ ನೆಟ್ಟಗಾಗುತ್ತದೆ. ಕಾರಣ ಇಷ್ಟೇ. ಟಿವಿ ಚಿತ್ರವನ್ನು ಸಣ್ಣ ಸಣ್ಣ ತುಂಡು ಮಾಡಿ, ಪ್ರತಿ ತುಂಡು ಮುಂದಿನ ಚಿತ್ರದಲ್ಲಿ ಎಲ್ಲಿಗೆ ಸರಿದಿದೆ ಅಂತ ಹುಡುಕುತ್ತದೆ. ಅಡಿಕೆ ಮರಗಳೆಲ್ಲಾ ಒಂದೇ ಥರ, ಯಾವುದು ಯಾವುದು ಅಂತ ಗೊತ್ತಾಗಲ್ಲ. ಇನ್ನು ಅವಳ ತಲೆ ಸರಿದಾಗ ಹಿಂದಿನಿಂದ ಹೊರಬರುವ ಮರದ ತುಂಡು ಮೊದಲ ಚಿತ್ರದಲ್ಲಿ ಇರಲೇ ಇಲ್ಲ, ಟಿವಿ ಏನೋ ಒಂದು ತುಂಬುತ್ತದೆ. ನೀವು ಕಿಟಕಿ ಸರಳು, ಬೇಲಿ ಮುಂದೆ ಯಾರಾದರೂ ನಡೆಯುವ ದೃಶ್ಯ ನೋಡಿ, ಸಿಕ್ಕಿಬೀಳುತ್ತದೆ.

ಆಫ್ ಮಾಡುವ ಜಾಗ ಹುಡುಕುವುದೇ ಒಂದು ಕಥೆ, ಯಾಕಂದರೆ ಒಬ್ಬೊಬ್ಬರದ್ದು ಒಂದೊಂದು ಹೆಸರು. ಎಲ್‌ಜಿಯಲ್ಲಿ Picture, Advanced Settings, Clarity ಒಳಗೆ TruMotion. ಸ್ಯಾಮ್‌ಸಂಗ್‌ನಲ್ಲಿ Expert Settings ಒಳಗೆ Picture Clarity Settings, ಹಳೆಯದರಲ್ಲಿ Auto Motion Plus. ಸೋನಿಯಲ್ಲಿ Motionflow. ಬೇರೆ ಎಷ್ಟೋ ಟಿವಿಗಳಲ್ಲಿ MEMC ಅಂತಲೇ ಇರುತ್ತದೆ. ಮೆನು ವರ್ಷಕ್ಕೊಂದು ಥರ ಬದಲಾಗುತ್ತದೆ, ಪಿಕ್ಚರ್ ಸೆಟ್ಟಿಂಗ್ ಒಳಗೆ Motion ಅಥವಾ Clarity ಅನ್ನುವ ಮಾತು ಹುಡುಕಿ.

ನಾನು ಆಫ್ ಮಾಡಿ ಖುಷಿಯಾಗಿ ಕೂತೆ. ಮುಂದಿನ ಶನಿವಾರ ಮತ್ತೆ ಮದುವೆ ವಿಡಿಯೋ! ಅರ್ಧ ರಾತ್ರಿ ಹೋದ ಮೇಲೆ ತಿಳಿದದ್ದು: ಈ ಸೆಟ್ಟಿಂಗ್ ಇಡೀ ಟಿವಿಗೆ ಒಂದಲ್ಲ. ನಾನು ಆಫ್ ಮಾಡಿದ್ದು ಮಾಮೂಲಿ ಸಿನಿಮಾ ಓಡುವಾಗ. ಆವತ್ತು ಹಾಕಿದ್ದು Dolby Vision ಅನ್ನುವ, ಹೊಳಪು-ಬಣ್ಣ ಜಾಸ್ತಿ ಕಾಣಿಸುವ ನಮೂನೆಯ ಸಿನಿಮಾ, ಅದು ಶುರುವಾದಾಗ ಟಿವಿ ಬೇರೆ ಪಿಕ್ಚರ್ ಮೋಡ್‌ಗೆ ಹೋಗುತ್ತದೆ, ಅಲ್ಲಿ ಸ್ಮೂತಿಂಗ್ ಹಾಗೇ ಇತ್ತು. HDR10 ಅನ್ನುವ ಅಂಥದೇ ನಮೂನೆಗೆ ಇನ್ನೊಂದು ಸೆಟ್ಟಿಂಗ್, ಸೆಟ್-ಟಾಪ್ ಬಾಕ್ಸ್ ಚುಚ್ಚಿದ HDMIಗೆ ಮತ್ತೊಂದು. ಹಾಗಾಗಿ ಒಂದೊಂದು ಥರದ ಸಿನಿಮಾ ಹಾಕಿ, ಅದು ಓಡುತ್ತಿರುವಾಗಲೇ ಮೆನು ತೆಗೆದು ಆಫ್ ಮಾಡಬೇಕು. ನಿಮ್ಮ ಟಿವಿಯಲ್ಲಿ Filmmaker Mode ಇದ್ದರೆ ಅದನ್ನು ಹಾಕಿಬಿಡಿ, 2019ರಲ್ಲಿ ಟಿವಿ ಕಂಪನಿಗಳೂ ಸಿನಿಮಾದವರೂ ಸೇರಿ ತಂದದ್ದು, ಸ್ಮೂತಿಂಗ್ ತಾನಾಗೇ ಹೋಗುತ್ತದೆ.

ಇಲ್ಲಿಯವರೆಗೆ ಬೈದಾಯಿತು. ಆದರೆ ಪೂರ್ತಿ ಆಫ್ ಮಾಡಿದ ಮೊದಲ ವಾರ ಇನ್ನೊಂದು ಕಿರಿಕಿರಿ ಕಂಡಿತು. ಕ್ಯಾಮೆರಾ ಬೆಟ್ಟದ ಮೇಲೆ ನಿಧಾನವಾಗಿ ತಿರುಗುವಾಗ ಚಿತ್ರ ತಡವರಿಸಿದ ಹಾಗೆ. ಅದು ಟಿವಿ ದೋಷ ಅಲ್ಲ, ಸೆಕೆಂಡಿಗೆ 24 ಅಂದರೆ ಹಾಗೇ. ಈಗಿನ ಪ್ಯಾನೆಲ್‌ಗಳು ಚಿತ್ರ ಬದಲಾಯಿಸುವುದು ಎಷ್ಟು ಚುರುಕು ಅಂದರೆ ಪ್ರತಿ ಹೆಜ್ಜೆಯೂ ಎದ್ದು ಕಾಣುತ್ತದೆ. ಒಎಲ್‌ಇಡಿಯಲ್ಲಿ ಇನ್ನೂ ಜಾಸ್ತಿ. ಈ ತಡವರಿಕೆ ತಡೆಯೋಕೇ ಸ್ಮೂತಿಂಗ್ ಇಟ್ಟಿದ್ದಾರೆ ಅನ್ನುವುದನ್ನು ಒಪ್ಪಬೇಕು, ಕಂಪನಿಯವರು ಸುಮ್ನೆ ತುರುಕಿದ್ದಲ್ಲ. ಎರಡೂ ಬೇಡ ಅಂದರೆ ಮಧ್ಯದ ದಾರಿ ಇದೆ. ಕೆಲವು ಟಿವಿಗಳಲ್ಲಿ ಜಡ್ಡರ್ ಅಂತ 0ಯಿಂದ 10ರವರೆಗೆ ಒಂದು ಕಡ್ಡಿ ಇರುತ್ತದೆ. ನಾನು 2ಕ್ಕೆ ಇಟ್ಟಿದ್ದೇನೆ. ಬೆಟ್ಟ ತಡವರಿಸುವುದು ಕಮ್ಮಿಯಾಗಿದೆ, ಅಡಿಕೆ ಮರ ಬಾಗಲ್ಲ. 4 ದಾಟಿದರೆ ಹೆಂಡತಿಗೆ ಗೊತ್ತಾಗುತ್ತದೆ, ಪರೀಕ್ಷೆ ಮಾಡಿ ನೋಡಿದ್ದೇನೆ.

ಒಂದು ಸಲ ಸಾಫ್ಟ್‌ವೇರ್ ಅಪ್‌ಡೇಟ್ ಆದಾಗ ಎಲ್ಲಾ ಸೆಟ್ಟಿಂಗ್ ಹಳೇ ಸ್ಥಿತಿಗೆ ಹೋಗಿತ್ತು. ಈಗ ಅಪ್‌ಡೇಟ್ ಆದ ದಿನ ಅಡಿಕೆ ತೋಟ ಹಾಕಿ ಅರ್ಧ ನಿಮಿಷ ನೋಡುವುದು ನನ್ನ ರೂಢಿ.

ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. HDMI 1ರಲ್ಲಿ ಮಾತ್ರ ಸ್ಮೂತಿಂಗ್ ಇನ್ನೂ ಆನ್ ಇದೆ. ಅದು ಅಪ್ಪ ಕ್ರಿಕೆಟ್ ನೋಡುವ ಬಾಕ್ಸ್. ಬಾಲ್ ಒಮ್ಮೊಮ್ಮೆ ಬಾಲ ಬಿಟ್ಟುಕೊಂಡು ಹೋಗುತ್ತದೆ ಅಂತ ತೋರಿಸಿದೆ. "ನೀನು ಮುಟ್ಟಬೇಡ, ನಂಗೆ ಚೆನ್ನಾಗೇ ಕಾಣ್ತಿದೆ" ಅಂದರು.